ಕಚ್ಚಾ ರೀಡ್‌ಗಳಿಂದ ಜೀನುಗಳ ಪಟ್ಟಿಯವರೆಗೆ: ಆರ್‌ಎನ್‌ಎ ಸೀಕ್ವೆನ್ಸಿಂಗ್‌ನ ಲೆಕ್ಕಾಚಾರ

ಒಂದು ಜೀವಕೋಶದಲ್ಲಿ ಯಾವ ಜೀನು ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತಿದೆ ಎಂಬುದನ್ನು ಆ ಕೋಶದಲ್ಲಿರುವ ಆರ್‌ಎನ್‌ಎಯನ್ನು ಎಣಿಸಿ ತಿಳಿಯುವ ವಿಧಾನಕ್ಕೆ ಆರ್‌ಎನ್‌ಎ ಸೀಕ್ವೆನ್ಸಿಂಗ್ ಎಂದು ಹೆಸರು. ಚರ್ಮದ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಡಿಎನ್‌ಎ ಒಂದೇ. ವ್ಯತ್ಯಾಸವಿರುವುದು ಆ ಡಿಎನ್‌ಎಯ ಯಾವ ಭಾಗಗಳಿಂದ ಎಷ್ಟು ಎಂಆರ್‌ಎನ್‌ಎ ನಕಲುಗಳು ಹೊರಬರುತ್ತಿವೆ ಎಂಬುದರಲ್ಲಿ. ಒಂದು ಔಷಧಿ ಕೊಟ್ಟಾಗ, ಒಂದು ರೋಗ ತಗುಲಿದಾಗ ಅಥವಾ ಒಂದು ಗಿಡಕ್ಕೆ ನೀರು ತಪ್ಪಿದಾಗ ಈ ನಕಲುಗಳ ಪ್ರಮಾಣ ಬದಲಾಗುತ್ತದೆ. ಹಾಗೆ ಬದಲಾದ ಜೀನುಗಳ ಪಟ್ಟಿಯನ್ನು ತಯಾರಿಸುವುದು ಈ ವಿಶ್ಲೇಷಣೆಯ ಗುರಿ. ಯಂತ್ರದಿಂದ ಹೊರಬರುವ ಕೋಟ್ಯಂತರ ಅಕ್ಷರತುಣುಕುಗಳಿಂದ ಆ ಪಟ್ಟಿಗೆ ತಲುಪುವ ದಾರಿಯನ್ನು ಒಂದು ನಿಜವಾದ ಪ್ರಯೋಗದ ಅಂಕಿಗಳ ಜೊತೆಯಲ್ಲೇ ನೋಡಿದರೆ ಪ್ರತಿ ಹಂತದ ಅಗತ್ಯ ಸ್ಪಷ್ಟವಾಗುತ್ತದೆ.

ಆ ಪ್ರಯೋಗ ಉಬ್ಬಸಕ್ಕೆ ಸಂಬಂಧಿಸಿದ್ದು. ಉಬ್ಬಸದ ರೋಗಿಗಳಿಗೆ ಕೊಡುವ ಸ್ಟೀರಾಯ್ಡ್ ಔಷಧಿಗಳು ಶ್ವಾಸನಾಳದ ಸ್ನಾಯುಕೋಶಗಳ ಮೇಲೆ ಏನು ಪರಿಣಾಮ ಬೀರುತ್ತವೆ ಎಂದು ತಿಳಿಯಲು ಬ್ಲಾಂಕಾ ಹೈಮ್ಸ್ ಮತ್ತು ಸಂಗಡಿಗರು ನಾಲ್ವರು ದಾನಿಗಳಿಂದ ಬಂದ ನಾಲ್ಕು ಕೋಶತಳಿಗಳನ್ನು ಬೆಳೆಸಿದರು. ಪ್ರತಿ ತಳಿಯ ಒಂದು ಪಾಲಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು 18 ಗಂಟೆ ಕಾಲ ಕೊಟ್ಟರು. ಇನ್ನೊಂದು ಪಾಲಿಗೆ ಔಷಧಿ ಕೊಡಲಿಲ್ಲ. ಹೀಗೆ ನಾಲ್ಕು ಜೋಡಿ, ಒಟ್ಟು ಎಂಟು ಮಾದರಿಗಳಾದವು. ಫಲಿತಾಂಶ 2014ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಚ್ಚಾ ದತ್ತಾಂಶ ಸಾರ್ವಜನಿಕ ಭಂಡಾರದಲ್ಲಿ GSE52778 ಎಂಬ ಸಂಖ್ಯೆಯಲ್ಲಿ ಎಲ್ಲರಿಗೂ ಸಿಗುತ್ತದೆ. ಎಣಿಕೆಯ ಕೋಷ್ಟಕವಂತೂ `airway` ಎಂಬ ಹೆಸರಿನ ಆರ್ ಭಾಷೆಯ ಪ್ಯಾಕೇಜ್ ಆಗಿ ಜಗತ್ತಿನ ಎಷ್ಟೋ ತರಗತಿಗಳಲ್ಲಿ ಪಾಠದ ಸಾಮಗ್ರಿಯಾಗಿದೆ.

ಮಾದರಿಗಳು ಜೋಡಿಯಾಗಿರುವುದನ್ನು ಇಲ್ಲಿಯೇ ಗಮನಿಸಬೇಕು. ಔಷಧಿ ಪಡೆದ ಕೋಶ ಮತ್ತು ಪಡೆಯದ ಕೋಶ ಒಬ್ಬನೇ ದಾನಿಯವು. ಒಬ್ಬ ಮನುಷ್ಯನಿಗೂ ಇನ್ನೊಬ್ಬನಿಗೂ ಇರುವ ಸಹಜ ವ್ಯತ್ಯಾಸವನ್ನು ಲೆಕ್ಕದಿಂದ ಬೇರ್ಪಡಿಸಲು ಈ ಜೋಡಣೆಯೊಂದೇ ಅವಕಾಶ ಕೊಡುತ್ತದೆ. ಪ್ರಯೋಗ ಮಾಡುವಾಗ ಇಂಥ ಜೋಡಣೆ ಇಲ್ಲದಿದ್ದರೆ ಮುಂದೆ ಯಾವ ಗಣಿತವೂ ಅದನ್ನು ತಂದುಕೊಡಲಾರದು.

ಕೋಶದಿಂದ ತೆಗೆದ ಆರ್‌ಎನ್‌ಎಯಲ್ಲಿ ಬಹುಪಾಲು ರೈಬೋಸೋಮಿನ ಆರ್‌ಎನ್‌ಎ. ಜೀನುಗಳ ಚಟುವಟಿಕೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಆದ್ದರಿಂದ ಬಾಲದಲ್ಲಿ A ಅಕ್ಷರಗಳ ಸಾಲು ಇರುವ ಎಂಆರ್‌ಎನ್‌ಎಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ, ಇಲ್ಲವೇ ರೈಬೋಸೋಮಿನ ಆರ್‌ಎನ್‌ಎಯನ್ನು ತೆಗೆದುಹಾಕುತ್ತಾರೆ. ಉಳಿದದ್ದನ್ನು ಸಣ್ಣ ಚೂರುಗಳಾಗಿ ಒಡೆದು, ಡಿಎನ್‌ಎ ರೂಪಕ್ಕೆ ತಿರುಗಿಸಿ, ಎರಡೂ ತುದಿಗೆ ಅಡಾಪ್ಟರ್ ಎಂಬ ಗೊತ್ತಿರುವ ತುಣುಕುಗಳನ್ನು ಅಂಟಿಸಿ ಯಂತ್ರಕ್ಕೆ ಕೊಡುತ್ತಾರೆ. ಯಂತ್ರ ಪ್ರತಿ ಚೂರಿನ ತುದಿಯಿಂದ ಕೆಲವು ಹತ್ತು ಅಥವಾ ನೂರೈವತ್ತರವರೆಗೆ ಅಕ್ಷರಗಳನ್ನು ಓದುತ್ತದೆ. ಈ ಓದಿಗೆ ರೀಡ್ ಎನ್ನುತ್ತಾರೆ. ಉಬ್ಬಸದ ಪ್ರಯೋಗದಲ್ಲಿ ಪ್ರತಿ ಚೂರನ್ನೂ ಎರಡು ತುದಿಗಳಿಂದ ಓದಲಾಗಿತ್ತು, ಆದ್ದರಿಂದ ಒಂದು ಚೂರಿಗೆ ಎರಡು ರೀಡ್‌ಗಳು.

ರೀಡ್‌ಗಳು ಬರುವುದು ಫಾಸ್ಟ್‌ಕ್ಯೂ ಎಂಬ ಸರಳ ಪಠ್ಯ ಕಡತದಲ್ಲಿ. ಪ್ರತಿ ರೀಡ್‌ಗೆ ನಾಲ್ಕು ಸಾಲು. ಕೆಳಗಿನದು ಬರಿಯ ಮಾದರಿ:

```
@read1
GATTTGGGGTTCAAAGCAGT
+
IIIIIIIIIIIIII?????5
```

ಮೊದಲ ಸಾಲು ಹೆಸರು, ಎರಡನೆಯದು ಅಕ್ಷರಗಳು, ಮೂರನೆಯದು ಬರಿಯ ಗಡಿ. ನಾಲ್ಕನೆಯ ಸಾಲಿನ ಪ್ರತಿ ಚಿಹ್ನೆಯೂ ಮೇಲಿನ ಅಕ್ಷರವನ್ನು ಯಂತ್ರ ಎಷ್ಟು ಭರವಸೆಯಿಂದ ಓದಿದೆ ಎಂದು ಹೇಳುತ್ತದೆ. `I` ಎಂದರೆ ಗುಣಮಟ್ಟ 40, ಅಂದರೆ ತಪ್ಪಿರುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು. `?` ಎಂದರೆ 30, ಸಾವಿರಕ್ಕೆ ಒಂದು. `5` ಎಂದರೆ 20, ನೂರಕ್ಕೆ ಒಂದು. ರೀಡ್‌ನ ಕೊನೆಯತ್ತ ಹೋದಂತೆ ಈ ಭರವಸೆ ಕುಗ್ಗುವುದು ಸಾಮಾನ್ಯ.

ಮೊದಲ ಕೆಲಸ ಈ ಕಡತಗಳನ್ನು ಪರೀಕ್ಷಿಸುವುದು. ಅದಕ್ಕೆ ಬಹುತೇಕ ಎಲ್ಲರೂ `FastQC` ಎಂಬ ಉಪಕರಣ ಬಳಸುತ್ತಾರೆ. ಅದು ಹಸಿರು, ಹಳದಿ, ಕೆಂಪು ಗುರುತುಗಳೊಡನೆ ವರದಿ ಕೊಡುತ್ತದೆ. ಹೊಸಬರು ಕೆಂಪು ಕಂಡ ಕೂಡಲೇ ದತ್ತಾಂಶ ಕೆಟ್ಟಿದೆ ಎಂದು ತೀರ್ಮಾನಿಸುವುದುಂಟು. ಆದರೆ ಆ ಗುರುತುಗಳ ಮಿತಿಗಳು ಹೆಚ್ಚಾಗಿ ಡಿಎನ್‌ಎ ಸೀಕ್ವೆನ್ಸಿಂಗ್‌ಗೆ ಹೊಂದುವಂಥವು. ಆರ್‌ಎನ್‌ಎ ರೀಡ್‌ಗಳ ಮೊದಲ ಹತ್ತು-ಹನ್ನೆರಡು ಅಕ್ಷರಗಳಲ್ಲಿ A, C, G, T ಪ್ರಮಾಣ ಏರುಪೇರಾಗಿರುವುದು ಸಹಜ, ಏಕೆಂದರೆ ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸುವಾಗ ಬಳಸುವ ಚಿಕ್ಕ ಪ್ರೈಮರ್‌ಗಳು ಎಲ್ಲ ಕಡೆ ಸಮನಾಗಿ ಅಂಟುವುದಿಲ್ಲ. ಒಂದೇ ಬಗೆಯ ರೀಡ್‌ಗಳು ಮತ್ತೆ ಮತ್ತೆ ಕಾಣುವುದೂ ಸಹಜ. ಜೋರಾಗಿ ಕೆಲಸ ಮಾಡುವ ಜೀನಿನಿಂದ ಅಂಥ ನಕಲುಗಳು ನಿಜವಾಗಿಯೂ ಬರುತ್ತವೆ. ಅವನ್ನು ಅಳಿಸಿದರೆ ಎಣಿಸಬೇಕಾದದ್ದನ್ನೇ ಅಳಿಸಿದಂತಾಗುತ್ತದೆ. ನಿಜಕ್ಕೂ ಆತಂಕಪಡಬೇಕಾದದ್ದು ಎಂಟು ಮಾದರಿಗಳಲ್ಲಿ ಒಂದು ಮಾತ್ರ ಉಳಿದ ಏಳಕ್ಕಿಂತ ಬೇರೆಯಾಗಿ ಕಂಡಾಗ. ಅಡಾಪ್ಟರ್‌ನ ತುಣುಕುಗಳು ರೀಡ್‌ನೊಳಗೆ ಉಳಿದಿದ್ದರೆ `cutadapt` ಅಥವಾ `fastp`ನಂಥ ಉಪಕರಣದಿಂದ ಕತ್ತರಿಸುತ್ತಾರೆ. ಅದಕ್ಕಿಂತ ಹೆಚ್ಚು ಕತ್ತರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಮುಂದಿನ ಪ್ರಶ್ನೆ, ಪ್ರತಿ ರೀಡ್ ಯಾವ ಜೀನಿನಿಂದ ಬಂದದ್ದು ಎಂಬುದು. ಮನುಷ್ಯನ ಜೀನೋಮ್ ಸುಮಾರು 300 ಕೋಟಿ ಅಕ್ಷರಗಳ ಪಠ್ಯ. ಅದರಲ್ಲಿ ರೀಡ್‌ನ ಜಾಗವನ್ನು ಹುಡುಕುವುದಕ್ಕೆ ಜೋಡಣೆ ಎನ್ನುತ್ತಾರೆ. ಆರ್‌ಎನ್‌ಎಯ ವಿಷಯದಲ್ಲಿ ಇದಕ್ಕೆ ಒಂದು ತೊಡಕಿದೆ. ಡಿಎನ್‌ಎಯಲ್ಲಿ ಜೀನು ಒಂದೇ ತುಂಡಾಗಿ ಇರುವುದಿಲ್ಲ. ಎಕ್ಸಾನ್ ಎಂಬ ಭಾಗಗಳ ನಡುವೆ ಸಾವಿರಾರು ಅಕ್ಷರಗಳ ಇಂಟ್ರಾನ್‌ಗಳಿರುತ್ತವೆ. ಎಂಆರ್‌ಎನ್‌ಎ ತಯಾರಾಗುವಾಗ ಇಂಟ್ರಾನ್‌ಗಳು ಕಳಚಿ ಎಕ್ಸಾನ್‌ಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹಾಗಾಗಿ ಒಂದೇ ರೀಡ್‌ನ ಮೊದಲ ಅರ್ಧ ಜೀನೋಮಿನ ಒಂದು ಕಡೆಗೂ ಉಳಿದರ್ಧ ಎಷ್ಟೋ ದೂರದ ಇನ್ನೊಂದು ಕಡೆಗೂ ಹೊಂದಬಹುದು. ಈ ಜಿಗಿತವನ್ನು ಅರಿತ `STAR`, `HISAT2` ಮುಂತಾದ ತಂತ್ರಾಂಶಗಳನ್ನೇ ಬಳಸಬೇಕು. ಡಿಎನ್‌ಎಗಾಗಿ ಮಾಡಿದ ಸಾಮಾನ್ಯ ಜೋಡಣೆಯ ತಂತ್ರಾಂಶ ಹಾಕಿದರೆ ಎಕ್ಸಾನ್‌ಗಳ ಸಂದಿಯಲ್ಲಿ ಕೂತ ರೀಡ್‌ಗಳೆಲ್ಲ ಕೈಬಿಟ್ಟುಹೋಗುತ್ತವೆ. `Salmon`, `kallisto` ಎಂಬ ಉಪಕರಣಗಳು ಇನ್ನೊಂದು ದಾರಿ ಹಿಡಿಯುತ್ತವೆ. ಅವು ಜೀನೋಮನ್ನು ಬಿಟ್ಟು, ಗೊತ್ತಿರುವ ಎಂಆರ್‌ಎನ್‌ಎಗಳ ಪಟ್ಟಿಗೇ ನೇರವಾಗಿ ರೀಡ್‌ಗಳನ್ನು ಹೊಂದಿಸಿ ಪ್ರತಿಯೊಂದರ ಪ್ರಮಾಣವನ್ನು ಅಂದಾಜಿಸುತ್ತವೆ. ಕೆಲಸ ಬಹಳ ಬೇಗ ಮುಗಿಯುತ್ತದೆ.

ಮನುಷ್ಯನ ಒಳ್ಳೆಯ ಮಾದರಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 80ಕ್ಕಿಂತ ಹೆಚ್ಚು ರೀಡ್‌ಗಳಿಗೆ ಜಾಗ ಸಿಗುತ್ತದೆ. ಈ ಸಂಖ್ಯೆ ತೀರಾ ಕೆಳಗಿದ್ದರೆ ಮುಂದೆ ಹೋಗದೆ ಕಾರಣ ಹುಡುಕಬೇಕು. ಬ್ಯಾಕ್ಟೀರಿಯಾ ಬೆರೆತಿರಬಹುದು, ಅಡಾಪ್ಟರ್ ಉಳಿದಿರಬಹುದು, ಇಲ್ಲವೇ ಬೇರೆ ಜೀವಿಯ ಜೀನೋಮನ್ನೇ ಕೊಟ್ಟಿರಬಹುದು. ಜಾಗ ಸಿಗದ ಕೆಲವು ರೀಡ್‌ಗಳನ್ನು ಸಾರ್ವಜನಿಕ ದತ್ತಸಂಚಯದಲ್ಲಿ ಹುಡುಕಿ ನೋಡಿದರೆ ಉತ್ತರ ಬೇಗ ತಿಳಿಯುತ್ತದೆ.

ಜೋಡಣೆಯಾದ ಮೇಲೆ ಎಣಿಕೆ. ಜೀನುಗಳ ಎಕ್ಸಾನ್‌ಗಳು ಯಾವ ಕ್ರೋಮೋಸೋಮಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಇವೆ ಎಂದು ಹೇಳುವ ಕಡತವೊಂದಿರುತ್ತದೆ. ಅದನ್ನು ಮುಂದಿಟ್ಟುಕೊಂಡು ಪ್ರತಿ ಜೀನಿನ ಮೇಲೆ ಎಷ್ಟು ಚೂರುಗಳು ಬಿದ್ದಿವೆ ಎಂದು ಎಣಿಸಬೇಕು. ಜೋಡಿ ರೀಡ್‌ಗಳಿದ್ದಾಗ ಎರಡನ್ನೂ ಸೇರಿಸಿ ಒಂದು ಚೂರು ಎಂದೇ ಲೆಕ್ಕ.

```
featureCounts -p --countReadPairs -s 0 \
  -a genes.gtf -o counts.txt *.bam
```

ಈ ಚಿಕ್ಕ ಆದೇಶದಲ್ಲಿ `-s` ಎಂಬ ಆಯ್ಕೆ ಅನೇಕರ ವಿಶ್ಲೇಷಣೆಯನ್ನು ಕೆಡಿಸಿದೆ. ಡಿಎನ್‌ಎಗೆ ಎರಡು ಎಳೆಗಳಿವೆ, ಜೀನು ಯಾವುದಾದರೂ ಒಂದರ ಮೇಲಿರುತ್ತದೆ. ಕೆಲವು ವಿಧಾನಗಳಲ್ಲಿ ಎಳೆಯ ಗುರುತು ಉಳಿದುಕೊಳ್ಳುತ್ತದೆ, ಕೆಲವುಗಳಲ್ಲಿ ಉಳಿಯುವುದಿಲ್ಲ. ಗುರುತು ಇಲ್ಲದಿದ್ದರೆ `0`, ನೇರವಾಗಿದ್ದರೆ `1`, ತಿರುಗಿ ಬಂದಿದ್ದರೆ `2`. ಗುರುತಿಲ್ಲದ ಮಾದರಿಗೆ `1` ಎಂದು ಕೊಟ್ಟರೆ ಸುಮಾರು ಅರ್ಧ ಚೂರುಗಳು ಲೆಕ್ಕದಿಂದ ಹೊರಗುಳಿಯುತ್ತವೆ. ತಿರುಗಿ ಬಂದ ಮಾದರಿಗೆ `1` ಕೊಟ್ಟರೆ ಬಹುತೇಕ ಎಲ್ಲವೂ ಹೊರಗುಳಿಯುತ್ತವೆ. ತಂತ್ರಾಂಶ ಇದಾವುದನ್ನೂ ದೋಷ ಎಂದು ಹೇಳದೆ ಸುಮ್ಮನೆ ಸಣ್ಣ ಸಂಖ್ಯೆಗಳನ್ನು ಬರೆದಿಡುತ್ತದೆ. ಆದ್ದರಿಂದ ಎಣಿಕೆಯ ಜೊತೆಗೆ ಬರುವ ಸಾರಾಂಶ ಕಡತವನ್ನು ತೆರೆದು ಎಷ್ಟು ಪಾಲು ಚೂರುಗಳು ಜೀನುಗಳಿಗೆ ಸೇರಿದವು ಎಂದು ನೋಡಲೇಬೇಕು. ಎಲ್ಲವೂ ಸೊನ್ನೆ ಬಂದಿದ್ದರೆ ಕಾರಣ ಇನ್ನೂ ಸರಳವಾಗಿರಬಹುದು. ಜೀನೋಮಿನ ಕಡತದಲ್ಲಿ ಕ್ರೋಮೋಸೋಮಿನ ಹೆಸರು `chr1` ಎಂದಿದ್ದು ಜೀನುಗಳ ಕಡತದಲ್ಲಿ ಬರಿಯ `1` ಎಂದಿದ್ದರೆ ಎರಡೂ ಎಂದೂ ಸಂಧಿಸುವುದಿಲ್ಲ.

ಇಲ್ಲಿಗೆ ಕೋಟ್ಯಂತರ ರೀಡ್‌ಗಳು ಒಂದು ಕೋಷ್ಟಕಕ್ಕೆ ಇಳಿದಿರುತ್ತವೆ. ಸಾಲಿಗೊಂದು ಜೀನು, ಕಂಬಕ್ಕೊಂದು ಮಾದರಿ. ಉಬ್ಬಸದ ಕೋಷ್ಟಕದ ಮೊದಲ ಸಾಲಿನಲ್ಲಿರುವುದು `TSPAN6` ಎಂಬ ಜೀನು. ಔಷಧಿ ಇಲ್ಲದ ಮಾದರಿಯ ಎಣಿಕೆಯನ್ನು ಮೊದಲು, ಔಷಧಿ ಪಡೆದದ್ದನ್ನು ಆಮೇಲೆ ಬರೆದರೆ ನಾಲ್ಕು ಜೋಡಿಗಳು ಹೀಗಿವೆ: 679 ಮತ್ತು 448, 873 ಮತ್ತು 408, 1138 ಮತ್ತು 1047, 770 ಮತ್ತು 572. ಎರಡನೆಯ ಸಾಲಿನ `TNMD` ಜೀನಿಗೆ ಎಂಟೂ ಕಡೆ ಸೊನ್ನೆ. ಈ ಕೋಶಗಳಲ್ಲಿ ಅದರ ಕೆಲಸದ ಸುಳಿವೇ ಇಲ್ಲ.

`TSPAN6`ನ ಅಂಕಿಗಳನ್ನು ನೇರವಾಗಿ ನಂಬಿದರೆ ಎರಡನೆಯ ಜೋಡಿಯಲ್ಲಿ ಅದು ಅರ್ಧಕ್ಕೂ ಕೆಳಗೆ ಇಳಿದಿದೆ, ಮೂರನೆಯದರಲ್ಲಿ ಹೆಚ್ಚುಕಡಿಮೆ ಬದಲಾಗಿಯೇ ಇಲ್ಲ. ಎರಡು ತಳಿಗಳು ಔಷಧಿಗೆ ಬೇರೆ ಬೇರೆಯಾಗಿ ಸ್ಪಂದಿಸಿದಂತೆ ಕಾಣುತ್ತದೆ. ಆದರೆ ಕಂಬಗಳ ಮೊತ್ತ ನೋಡಿದರೆ ಕಥೆ ಬೇರೆ. ಎರಡನೆಯ ಜೋಡಿಯ ಔಷಧಿ ಪಡೆದ ಮಾದರಿಯಲ್ಲಿ ಜೀನುಗಳಿಗೆ ಸೇರಿದ ಚೂರುಗಳು ಒಟ್ಟು 1 ಕೋಟಿ 51 ಲಕ್ಷ ಮಾತ್ರ. ಮೂರನೆಯ ಜೋಡಿಯ ಔಷಧಿ ಪಡೆದ ಮಾದರಿಯಲ್ಲಿ 3 ಕೋಟಿ 8 ಲಕ್ಷ. ಒಂದನ್ನು ಯಂತ್ರ ಕಡಿಮೆ ಓದಿದೆ, ಇನ್ನೊಂದನ್ನು ಅದರ ಎರಡರಷ್ಟು ಓದಿದೆ. ಇದು ಕೋಶದ ಗುಣವಲ್ಲ, ಪ್ರಯೋಗಾಲಯದ ಆಕಸ್ಮಿಕ. ಇದನ್ನು ಸರಿದೂಗಿಸುವುದೇ ಸಮೀಕರಣ.

ಮೊತ್ತದಿಂದ ಭಾಗಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ಯಂತ್ರ ಓದುವ ಚೂರುಗಳ ಸಂಖ್ಯೆಗೆ ಮಿತಿ ಇದೆ, ಎಲ್ಲ ಜೀನುಗಳೂ ಅದನ್ನೇ ಹಂಚಿಕೊಳ್ಳಬೇಕು. ಒಂದೇ ಪಾತ್ರೆಯ ಅನ್ನವನ್ನು ಪಂಕ್ತಿಗೆ ಬಡಿಸುವಾಗ ಇಬ್ಬರಿಗೆ ಹೆಚ್ಚು ಬಡಿಸಿದರೆ ಉಳಿದವರ ಎಲೆಗೆ ಕಡಿಮೆ ಬೀಳುವಂತೆ, ಔಷಧಿಯಿಂದ ಕೆಲವೇ ಜೀನುಗಳು ವಿಪರೀತ ಏರಿದರೆ ಉಳಿದ ಜೀನುಗಳು ತಾವು ಬದಲಾಗದಿದ್ದರೂ ಇಳಿದಂತೆ ಕಾಣುತ್ತವೆ. `DESeq2` ಎಂಬ ಪ್ಯಾಕೇಜ್ ಇದಕ್ಕೆ ಒಂದು ಉಪಾಯ ಮಾಡುತ್ತದೆ. ಮೊದಲು ಪ್ರತಿ ಜೀನಿಗೆ ಎಂಟು ಮಾದರಿಗಳ ಗುಣೋತ್ತರ ಸರಾಸರಿ ತೆಗೆಯುತ್ತದೆ. ಆಮೇಲೆ ಒಂದು ಮಾದರಿಯಲ್ಲಿ ಪ್ರತಿ ಜೀನೂ ತನ್ನ ಸರಾಸರಿಯ ಎಷ್ಟು ಪಾಲು ಇದೆ ಎಂದು ಲೆಕ್ಕಹಾಕಿ, ಆ ಸಾವಿರಾರು ಪಾಲುಗಳಲ್ಲಿ ನಟ್ಟನಡುವಿನದನ್ನು ಆರಿಸುತ್ತದೆ. ಹೆಚ್ಚಿನ ಜೀನುಗಳು ಬದಲಾಗಿಲ್ಲ ಎಂಬ ನಂಬಿಕೆಯ ಮೇಲೆ ಈ ವಿಧಾನ ನಿಂತಿದೆ. ನಡುವಿನ ಬೆಲೆಯನ್ನು ತೆಗೆದುಕೊಳ್ಳುವುದರಿಂದ ಅತಿಯಾಗಿ ಏರಿದ ಕೆಲವು ಜೀನುಗಳು ಲೆಕ್ಕವನ್ನು ಎಳೆದಾಡಲಾರವು. ಆದರೆ ಕೋಶದ ಬಹುತೇಕ ಜೀನುಗಳನ್ನು ಒಟ್ಟಿಗೆ ಅಡಗಿಸುವ ಔಷಧಿಯೊಂದನ್ನು ಪರೀಕ್ಷಿಸುವಾಗ ಆ ನಂಬಿಕೆಯೇ ಮುರಿಯುತ್ತದೆ. ಅಂಥ ಪ್ರಯೋಗದಲ್ಲಿ ಹೊರಗಿನಿಂದ ಗೊತ್ತಿರುವ ಪ್ರಮಾಣದ ಆರ್‌ಎನ್‌ಎಯನ್ನು ಮೊದಲೇ ಬೆರೆಸಿರಬೇಕಾಗುತ್ತದೆ.

ಉಬ್ಬಸದ ಮೂರನೆಯ ಜೋಡಿಗೆ ಹೀಗೆ ಬಂದ ಗುಣಕಗಳು 1.178 ಮತ್ತು 1.399. ಇವುಗಳಿಂದ ಭಾಗಿಸಿದರೆ 1138 ಎಂಬುದು 966 ಆಗುತ್ತದೆ, 1047 ಎಂಬುದು 748 ಆಗುತ್ತದೆ. ಬದಲಾಗಿಲ್ಲ ಎಂದು ಕಂಡ ಜೀನು ನೂರಕ್ಕೆ ಸುಮಾರು 23ರಷ್ಟು ಇಳಿದಿದೆ. ಬರಿಯ ಮೊತ್ತದಿಂದ ಭಾಗಿಸಿದ್ದರೆ ಇಳಿಕೆ 27 ಎಂದು ಬರುತ್ತಿತ್ತು. ಎಂಟೂ ಮಾದರಿಗಳನ್ನು ಹೀಗೆ ಸರಿದೂಗಿಸಿದ ಮೇಲೆ ಜೋಡಿಗಳು ಹೀಗಾಗುತ್ತವೆ: 663 ಮತ್ತು 500, 740 ಮತ್ತು 609, 966 ಮತ್ತು 748, 836 ಮತ್ತು 606.

ಈ ಎಂಟು ಅಂಕಿಗಳನ್ನು ನಿಧಾನವಾಗಿ ನೋಡಬೇಕು, ವಿಶ್ಲೇಷಣೆಯ ತಿರುಳು ಇಲ್ಲಿದೆ. ಔಷಧಿ ಪಡೆದ ಮೂರನೆಯ ತಳಿಯ 748, ಔಷಧಿಯೇ ಇಲ್ಲದ ಮೊದಲ ಎರಡು ತಳಿಗಳ 663 ಮತ್ತು 740ಕ್ಕಿಂತ ಹೆಚ್ಚಿದೆ. ಎಂಟನ್ನೂ ಕಲಸಿ ನಾಲ್ಕಕ್ಕೆ ನಾಲ್ಕು ಹೋಲಿಸಿದರೆ ಎರಡು ಗುಂಪುಗಳು ಒಂದರೊಳಗೊಂದು ಬೆರೆತಿವೆ, ಔಷಧಿಯ ಪರಿಣಾಮವಿದೆ ಎಂದು ಹೇಳುವುದು ಕಷ್ಟ. ಆದರೆ ಜೋಡಿಜೋಡಿಯಾಗಿ ನೋಡಿದರೆ ಔಷಧಿ ಪಡೆದದ್ದು ಪಡೆಯದ್ದರ 0.75, 0.82, 0.77, 0.72 ಪಾಲು. ನಾಲ್ಕೂ ತಳಿಗಳಲ್ಲಿ ಇಳಿಕೆ ಹೆಚ್ಚುಕಡಿಮೆ ಒಂದೇ. ದಾನಿಯಿಂದ ದಾನಿಗೆ ಇರುವ ಏರಿಳಿತ ಔಷಧಿಯ ಪರಿಣಾಮವನ್ನು ಮುಚ್ಚಿತ್ತು, ಜೋಡಿಯ ಲೆಕ್ಕ ಅದನ್ನು ಹೊರತೆಗೆಯಿತು.

ಗಣಿತಕ್ಕೆ ಇಳಿಯುವ ಮೊದಲು ಮಾದರಿಗಳನ್ನು ಒಟ್ಟಾಗಿ ಒಂದು ಚಿತ್ರದಲ್ಲಿ ನೋಡುವುದು ಒಳ್ಳೆಯ ಅಭ್ಯಾಸ. ಸಾವಿರಾರು ಜೀನುಗಳ ಏರಿಳಿತವನ್ನು ಎರಡು ಅಕ್ಷಗಳಿಗೆ ಅಡಕಗೊಳಿಸುವ ಪಿಸಿಎ ಎಂಬ ವಿಧಾನ ಇದಕ್ಕೆ ಬಳಕೆಯಲ್ಲಿದೆ. ಉಬ್ಬಸದ ಮಾದರಿಗಳಲ್ಲಿ ಮೊದಲ ಅಕ್ಷ ಔಷಧಿ ಪಡೆದವನ್ನೂ ಪಡೆಯದವನ್ನೂ ಬೇರ್ಪಡಿಸುತ್ತದೆ. ತಳಿಗಳ ನಡುವಿನ ಅಂತರವೂ ಚಿತ್ರದಲ್ಲಿ ಸಾಕಷ್ಟು ದೊಡ್ಡದಾಗಿಯೇ ಕಾಣುತ್ತದೆ. ಒಂದು ವೇಳೆ ಔಷಧಿ ಪಡೆದ ಮಾದರಿಯೊಂದು ಪಡೆಯದವುಗಳ ನಡುವೆ ಹೋಗಿ ಕೂತಿದ್ದರೆ ಟ್ಯೂಬ್‌ಗಳ ಹೆಸರು ಅದಲುಬದಲಾಗಿದೆಯೇ ಎಂದು ದಾಖಲೆ ನೋಡಬೇಕು. ಮಾದರಿಗಳು ಔಷಧಿಯ ಪ್ರಕಾರವಲ್ಲದೆ ಅವನ್ನು ತಯಾರಿಸಿದ ದಿನದ ಪ್ರಕಾರ ಗುಂಪಾಗಿದ್ದರೆ ಆ ದಿನವನ್ನೂ ಲೆಕ್ಕದೊಳಗೆ ಸೇರಿಸಬೇಕು. ಔಷಧಿ ಪಡೆದವನ್ನೆಲ್ಲ ಸೋಮವಾರ, ಪಡೆಯದವನ್ನೆಲ್ಲ ಮಂಗಳವಾರ ತಯಾರಿಸಿದ್ದರೆ ಮಾತ್ರ ದಾರಿಯಿಲ್ಲ. ದಿನದ ಪರಿಣಾಮವನ್ನೂ ಔಷಧಿಯ ಪರಿಣಾಮವನ್ನೂ ಬಿಡಿಸಲು ಆಗ ಯಾವ ಮಾಹಿತಿಯೂ ಉಳಿದಿರುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಒಂದು ಜೀನಿನಲ್ಲಿ ಕಂಡ ವ್ಯತ್ಯಾಸ ಔಷಧಿಯಿಂದ ಆದದ್ದೋ, ಸಹಜ ಏರಿಳಿತವೋ? ಒಂದೇ ಟ್ಯೂಬಿನ ಆರ್‌ಎನ್‌ಎಯನ್ನು ಎರಡು ಸಲ ಓದಿಸಿದರೂ ಎಣಿಕೆ ಒಂದೇ ಬರುವುದಿಲ್ಲ. ಆ ಆಕಸ್ಮಿಕ ಏರಿಳಿತ ಸರಾಸರಿಯ ವರ್ಗಮೂಲದಷ್ಟಿರುತ್ತದೆ. `TSPAN6`ಗೆ ಔಷಧಿ ಇಲ್ಲದ ನಾಲ್ಕು ಮಾದರಿಗಳ ಸರಾಸರಿ ಸುಮಾರು 800, ಅದರ ವರ್ಗಮೂಲ 28. ಆದರೆ ಆ ನಾಲ್ಕು ಅಂಕಿಗಳು 663ರಿಂದ 966ರವರೆಗೆ ಹರಡಿವೆ. 28ರ ಆಚೀಚೆಗೆ ಇದು ಹೊಂದುವುದೇ ಇಲ್ಲ. ಹೆಚ್ಚಿನ ಹರವು ಬಂದಿರುವುದು ಜೀವಂತ ಕೋಶಗಳ ನಡುವಿನ ನಿಜವಾದ ವ್ಯತ್ಯಾಸದಿಂದ. ಆದ್ದರಿಂದ `DESeq2` ಮತ್ತು `edgeR` ಬಳಸುವ ಋಣ ದ್ವಿಪದ ವಿತರಣೆಯಲ್ಲಿ ಏರಿಳಿತಕ್ಕೆ ಎರಡು ಪಾಲಿವೆ:

```
variance = μ + α·μ²
```

ಮೊದಲ ಪಾಲು ಎಣಿಕೆಯ ಆಕಸ್ಮಿಕ, ಎರಡನೆಯದು ಜೈವಿಕ ವ್ಯತ್ಯಾಸ. α ಎಂಬ ಈ ಹರವಿನ ಬೆಲೆ ಜೀನಿನಿಂದ ಜೀನಿಗೆ ಬೇರೆ. ನಾಲ್ಕು ಮಾದರಿಗಳಿಂದ ಅದನ್ನು ಅಂದಾಜಿಸಿದರೆ ಅಂದಾಜು ಬಹಳ ಅಲುಗಾಡುತ್ತದೆ. ಅದೃಷ್ಟವಶಾತ್ ನಾಲ್ಕೂ ಅಂಕಿಗಳು ಹತ್ತಿರ ಬಂದ ಜೀನು ಅನಗತ್ಯವಾಗಿ ಪಟ್ಟಿಗೆ ಸೇರಿಬಿಡುತ್ತದೆ. ಇದನ್ನು ತಡೆಯಲು ತಂತ್ರಾಂಶ ಸುಮಾರಾಗಿ ಅಷ್ಟೇ ಎಣಿಕೆಯಿರುವ ಇತರ ಜೀನುಗಳ ಹರವನ್ನು ನೋಡಿ, ಪ್ರತಿ ಜೀನಿನ ಅಂದಾಜನ್ನು ಆ ಸಾಮಾನ್ಯ ಬೆಲೆಯ ಕಡೆಗೆ ಸ್ವಲ್ಪ ಎಳೆಯುತ್ತದೆ. ಮೈಕೆಲ್ ಲವ್, ವೋಲ್ಫ್‌ಗಾಂಗ್ ಹ್ಯೂಬರ್ ಮತ್ತು ಸೈಮನ್ ಆಂಡರ್ಸ್ 2014ರಲ್ಲಿ ಪ್ರಕಟಿಸಿದ `DESeq2`ನ ಜೀವಾಳ ಈ ಎರವಲು ಎನ್ನಬಹುದು. ಕೇವಲ ಮೂರು-ನಾಲ್ಕು ಮಾದರಿಗಳ ಪ್ರಯೋಗದಿಂದಲೂ ನಂಬಬಹುದಾದ ಉತ್ತರ ಸಿಗುವುದು ಇದರಿಂದ. ಒಂದೊಂದೇ ಮಾದರಿಯಿದ್ದರೆ ಜೈವಿಕ ಹರವನ್ನು ಅಳೆಯಲು ಏನೂ ಇರುವುದಿಲ್ಲ. ಒಂದೇ ಮಾದರಿಯನ್ನು ಯಂತ್ರದಲ್ಲಿ ಮೂರು ಸಲ ಓದಿಸಿದರೂ ಆ ಕೊರತೆ ತುಂಬುವುದಿಲ್ಲ.

ಇಷ್ಟೆಲ್ಲ ಲೆಕ್ಕ ಆರ್ ಭಾಷೆಯಲ್ಲಿ ಕೆಲವೇ ಸಾಲು:

```
library(airway); library(DESeq2)
data(airway)
airway$dex <- relevel(airway$dex, "untrt")
dds <- DESeqDataSet(airway, design = ~ cell + dex)
dds <- DESeq(dds)
res <- results(dds)
```

ಇದರಲ್ಲಿ `cell + dex` ಎಂಬ ಭಾಗ ಮೇಲೆ ಹೇಳಿದ ಜೋಡಿಯ ಲೆಕ್ಕ. ಮೊದಲು ತಳಿಯ ವ್ಯತ್ಯಾಸವನ್ನು ಬದಿಗಿಟ್ಟು, ಆಮೇಲೆ ಔಷಧಿಯ ಪರಿಣಾಮ ಎಷ್ಟು ಎಂದು ಕೇಳಿದಂತೆ. ಬರಿಯ `dex` ಎಂದು ಬರೆದರೂ ತಂತ್ರಾಂಶ ತಕರಾರಿಲ್ಲದೆ ಉತ್ತರ ಕೊಡುತ್ತದೆ, ಆದರೆ ಜೋಡಿ ಮಾದರಿಗಳನ್ನು ಬೆಳೆಸಿದ ಶ್ರಮವೆಲ್ಲ ವ್ಯರ್ಥ. `relevel` ಇರುವ ಸಾಲು ಔಷಧಿ ಇಲ್ಲದ ಮಾದರಿಯೇ ಹೋಲಿಕೆಗೆ ಆಧಾರ ಎಂದು ಹೇಳುತ್ತದೆ. ಅದನ್ನು ಬಿಟ್ಟರೆ ಅಕ್ಷರಮಾಲೆಯ ಕ್ರಮದಲ್ಲಿ ಮೊದಲು ಬರುವ `trt` ಆಧಾರವಾಗಿಬಿಡುತ್ತದೆ, ಏರಿದ ಜೀನುಗಳೆಲ್ಲ ಇಳಿದಂತೆ ಬರೆದುಬರುತ್ತವೆ. ಔಷಧಿಯಿಂದ ಖಚಿತವಾಗಿ ಏರುವುದೆಂದು ಗೊತ್ತಿರುವ ಜೀನೊಂದನ್ನು ನೋಡಿದರೆ ಈ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಸ್ಟೀರಾಯ್ಡ್‌ಗಳ ವಿಷಯದಲ್ಲಿ `PER1` ಮತ್ತು `DUSP1` ಅಂಥವು. ಸರಿಯಾದ ಲೆಕ್ಕದಲ್ಲಿ `PER1` ಸುಮಾರು ಒಂಬತ್ತು ಪಟ್ಟು ಏರಿರುತ್ತದೆ.

ಫಲಿತಾಂಶದಲ್ಲಿ ಪ್ರತಿ ಜೀನಿಗೆ ಎಷ್ಟು ಪಟ್ಟು ಬದಲಾಗಿದೆ ಎಂಬ ಸಂಖ್ಯೆ 2ರ ಲಾಗ್ ರೂಪದಲ್ಲಿರುತ್ತದೆ. +1 ಎಂದರೆ ಎರಡು ಪಟ್ಟು, −1 ಎಂದರೆ ಅರ್ಧ. `TSPAN6`ಗೆ ಅದು −0.38, ಅಂದರೆ ನೂರಕ್ಕೆ 23ರಷ್ಟು ಇಳಿಕೆ. ಮೇಲೆ ಕೈಯಾರೆ ಹಾಕಿದ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ. ಔಷಧಿಯಿಂದ ಏನೂ ಆಗಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ, ಅಂದರೆ ಪಿ ಬೆಲೆ, ಸುಮಾರು 0.00015.

ಆದರೆ ಈ ಪಿ ಬೆಲೆಯನ್ನು ಹಾಗೆಯೇ ಒಪ್ಪುವಂತಿಲ್ಲ. ಪರೀಕ್ಷೆ ನಡೆದಿರುವುದು ಸಾವಿರಾರು ಜೀನುಗಳ ಮೇಲೆ. 20,000 ಜೀನುಗಳಲ್ಲಿ ಒಂದೂ ಬದಲಾಗಿರದಿದ್ದರೂ 0.05 ಎಂಬ ರೂಢಿಯ ಮಿತಿ ಇಟ್ಟರೆ ಸುಮಾರು 1,000 ಜೀನುಗಳು ಆಕಸ್ಮಿಕವಾಗಿ ಪಟ್ಟಿಗೆ ಬಂದುಬಿಡುತ್ತವೆ. ಯೋವ್ ಬೆಂಜಮಿನಿ ಮತ್ತು ಯೋಸೆಫ್ ಹಾಕ್‌ಬರ್ಗ್ 1995ರಲ್ಲಿ ಸೂಚಿಸಿದ ವಿಧಾನ ಇದಕ್ಕೆ ಪರಿಹಾರ. ಜೀನುಗಳನ್ನು ಪಿ ಬೆಲೆಯ ಏರಿಕೆಯ ಕ್ರಮದಲ್ಲಿ ನಿಲ್ಲಿಸಿ, ಪ್ರತಿಯೊಂದರ ಪಿ ಬೆಲೆಯನ್ನು ಒಟ್ಟು ಜೀನುಗಳ ಸಂಖ್ಯೆಯಿಂದ ಗುಣಿಸಿ, ಸಾಲಿನಲ್ಲಿ ಅದರ ಸ್ಥಾನದಿಂದ ಭಾಗಿಸಲಾಗುತ್ತದೆ. ಹೀಗೆ ಬಂದ ತಿದ್ದಿದ ಬೆಲೆಗೆ 0.05 ಮಿತಿ ಇಟ್ಟರೆ ಪಟ್ಟಿಯಲ್ಲಿರುವ ಜೀನುಗಳಲ್ಲಿ ಸರಾಸರಿ ನೂರಕ್ಕೆ ಐದು ಸುಳ್ಳಾಗಿರಬಹುದು ಎಂದರ್ಥ. `TSPAN6`ನ ತಿದ್ದಿದ ಬೆಲೆ ಸುಮಾರು 0.0013, ಅದು ಪಟ್ಟಿಯಲ್ಲಿ ಉಳಿಯುತ್ತದೆ. ಕೆಲವು ಜೀನುಗಳ ಮುಂದೆ ತಿದ್ದಿದ ಬೆಲೆಯ ಜಾಗದಲ್ಲಿ `NA` ಎಂದಿರುವುದನ್ನು ಕಂಡು ಕಂಗಾಲಾಗಬೇಕಿಲ್ಲ. ಎಣಿಕೆ ತೀರಾ ಕಡಿಮೆಯಿದ್ದು ಏನನ್ನೂ ಸಾಬೀತು ಮಾಡಲಾಗದ ಜೀನುಗಳನ್ನು ತಂತ್ರಾಂಶ ಮೊದಲೇ ಹೊರಗಿಟ್ಟರೆ ಉಳಿದವುಗಳ ಮೇಲೆ ತಿದ್ದುಪಡಿಯ ಹೊರೆ ಕಡಿಮೆಯಾಗುತ್ತದೆ.

ಹಾಗಾದರೆ ಪಟ್ಟಿಯಲ್ಲಿ ಎಷ್ಟು ಜೀನುಗಳು? ಇದಕ್ಕೆ ಒಂದೇ ಉತ್ತರವಿಲ್ಲ. ಉಬ್ಬಸದ ಕೋಷ್ಟಕಕ್ಕೆ `DESeq2` ಹಾಕಿ ತಿದ್ದಿದ ಬೆಲೆ 0.1ಕ್ಕಿಂತ ಕಡಿಮೆ ಇರುವುದನ್ನೆಲ್ಲ ಆರಿಸಿದರೆ ಸುಮಾರು 4,800 ಜೀನುಗಳು ಸಿಗುತ್ತವೆ. ಬದಲಾವಣೆ ಎರಡು ಪಟ್ಟಿಗಿಂತ ಹೆಚ್ಚು ಎಂದು ಸಾಬೀತಾದವು ಯಾವುವು ಎಂದು ಕೇಳಿದರೆ ಅದೇ ಪಟ್ಟಿ ಇನ್ನೂರರಿಂದ ಇನ್ನೂರೈವತ್ತರ ನಡುವಿಗೆ ಇಳಿಯುತ್ತದೆ. `TSPAN6` ಮೊದಲನೆಯದರಲ್ಲಿ ಇರುತ್ತದೆ, ಎರಡನೆಯದರಲ್ಲಿ ಇರುವುದಿಲ್ಲ. ಅದರ ಇಳಿಕೆ ಖಚಿತ, ಆದರೆ ಚಿಕ್ಕದು. ಮೂಲ ಸಂಶೋಧಕರು 2014ರಲ್ಲಿ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು 316 ಜೀನುಗಳು. ಅವರು ಬಳಸಿದ್ದು `Cuffdiff` ಎಂಬ ಬೇರೆ ಉಪಕರಣ. ಜೋಡಿಗಳನ್ನು ಜೋಡಿಗಳಾಗಿಯೇ ಹೋಲಿಸುವ ಅನುಕೂಲ ಅದರಲ್ಲಿರಲಿಲ್ಲ. ದಾನಿಗಳ ನಡುವಿನ ಹರವೆಲ್ಲ ಲೆಕ್ಕದಲ್ಲೇ ಉಳಿದರೆ ಸಣ್ಣ ಬದಲಾವಣೆಗಳು ಮುಳುಗಿಹೋಗುವುದು ನಿರೀಕ್ಷಿತವೇ. ಆದ್ದರಿಂದ ಇಂಥ ಪಟ್ಟಿಯ ಉದ್ದವನ್ನಷ್ಟೇ ಕೇಳಿ ಪ್ರಯೋಗವನ್ನು ಅಳೆಯಬಾರದು. ಯಾವ ಮಾದರಿಸೂತ್ರ, ಯಾವ ಮಿತಿ, ಎಷ್ಟು ಬದಲಾವಣೆ ಎಂಬ ಮೂರನ್ನೂ ಜೊತೆಗೆ ಕೇಳಬೇಕು.

ಬದಲಾವಣೆ ದೊಡ್ಡದಾಗಿದೆ ಎಂದ ಮಾತ್ರಕ್ಕೆ ನಂಬುವಂತೆಯೂ ಇಲ್ಲ. ಎರಡು ಎಣಿಕೆ ಎಂಟಾದರೆ ನಾಲ್ಕು ಪಟ್ಟು, ಆದರೆ ಅಷ್ಟು ಚಿಕ್ಕ ಎಣಿಕೆಯಲ್ಲಿ ಅದು ಬರಿಯ ಆಕಸ್ಮಿಕವಾಗಿರಬಹುದು. ಪಟ್ಟಿಯನ್ನು ಪಟ್ಟುಗಳ ಪ್ರಕಾರ ಜೋಡಿಸಿದರೆ ಇಂಥವೇ ತಲೆಯ ಮೇಲೆ ಬಂದು ಕೂರುತ್ತವೆ. `lfcShrink` ಎಂಬ ಆದೇಶ ಮಾಹಿತಿ ಕಡಿಮೆಯಿರುವ ಜೀನುಗಳ ಬದಲಾವಣೆಯನ್ನು ಸೊನ್ನೆಯ ಕಡೆಗೆ ಎಳೆದು ಇದನ್ನು ಸರಿಪಡಿಸುತ್ತದೆ. ಹಾಗೆ ಜೋಡಿಸಿದ ಮೇಲೂ ಉಬ್ಬಸದ ಪಟ್ಟಿಯ ಮೇಲ್ಭಾಗದಲ್ಲಿ ಉಳಿಯುವವುಗಳಲ್ಲಿ ಇಪ್ಪತ್ತು ಪಟ್ಟಿಗೂ ಹೆಚ್ಚು ಏರಿದ `SPARCL1` ಒಂದು.

ಮೂಲ ಸಂಶೋಧಕರ 316ರಲ್ಲಿ `DUSP1`, `KLF15`, `PER1`, `TSC22D3` ಮುಂತಾದ ಹಳೆಯ ಪರಿಚಿತ ಹೆಸರುಗಳಿದ್ದವು. ಅವು ಬಂದದ್ದು ಪ್ರಯೋಗ ಸರಿಯಾಗಿ ನಡೆದಿದೆ ಎಂಬುದಕ್ಕೆ ಸಾಕ್ಷಿ. ಹೊಸ ಸುಳಿವು ಕೊಟ್ಟದ್ದು `CRISPLD2` ಎಂಬ ಅಷ್ಟಾಗಿ ಯಾರೂ ಗಮನಿಸದ ಜೀನು. ಸಂಶೋಧಕರು ಪಟ್ಟಿಯನ್ನೇ ಪುರಾವೆ ಎಂದು ತೆಗೆದುಕೊಳ್ಳದೆ ಆ ಜೀನಿನ ಎಂಆರ್‌ಎನ್‌ಎಯನ್ನು ಕ್ಯೂಪಿಸಿಆರ್ ವಿಧಾನದಿಂದ ಮತ್ತೆ ಅಳೆದರು, ಅದರಿಂದಾಗುವ ಪ್ರೋಟೀನನ್ನೂ ಬೇರೆಯಾಗಿ ಪರೀಕ್ಷಿಸಿದರು. ಎಂಆರ್‌ಎನ್‌ಎ ಏರಿದ ಮಾತ್ರಕ್ಕೆ ಪ್ರೋಟೀನೂ ಅಷ್ಟೇ ಏರಬೇಕೆಂದಿಲ್ಲವಾದ್ದರಿಂದ ಈ ಎರಡನೆಯ ಪರೀಕ್ಷೆ ಬೇಕಾಗುತ್ತದೆ. ಇನ್ನೊಂದು ಮಿತಿ ಸಮಯದ್ದು. 18 ಗಂಟೆಯಲ್ಲಿ ಔಷಧಿ ನೇರವಾಗಿ ಮುಟ್ಟಿದ ಜೀನುಗಳು ತಮ್ಮ ಪ್ರೋಟೀನುಗಳ ಮೂಲಕ ಇನ್ನಷ್ಟು ಜೀನುಗಳನ್ನು ಏರಿಳಿಸಿರುತ್ತವೆ. ಆ ಒಂದೇ ಹೊತ್ತಿನ ಎಣಿಕೆಯಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಲಾಗದು. ಅದಕ್ಕೆ ಒಂದು ಗಂಟೆ, ನಾಲ್ಕು ಗಂಟೆ ಎಂದು ಹಲವು ಹೊತ್ತಿನ ಮಾದರಿಗಳನ್ನು ತೆಗೆದು ಇದೇ ಎಣಿಕೆಯನ್ನು ಮತ್ತೆ ಮಾಡಬೇಕು, ಇಲ್ಲವೇ ಸ್ಟೀರಾಯ್ಡ್ ಗ್ರಾಹಕವು ಡಿಎನ್‌ಎಯ ಯಾವ ಜಾಗಗಳಿಗೆ ಅಂಟುತ್ತದೆ ಎಂಬುದನ್ನು ಬೇರೊಂದು ಪ್ರಯೋಗದಿಂದ ನೋಡಿ ಪಟ್ಟಿಗೆ ಹೋಲಿಸಬೇಕು.